ನಿಧಾನ ನೆಟ್‌ನಲ್ಲಿ ಮೇಲ್: ಹೆಡರ್ ಮಾತ್ರ ಇಳಿಸುವ ಸೆಟ್ಟಿಂಗ್ ಪಾಪ್‌ನಲ್ಲಿ, ಐಮ್ಯಾಪ್‌ನಲ್ಲಿ

ಯಾರು ಕಳಿಸಿದ್ದು, ವಿಷಯ ಏನು, ಯಾವಾಗ ಬಂತು ಅನ್ನೋದೆಲ್ಲ ಮೇಲ್‌ನ ಹೆಡರ್‌ನಲ್ಲಿರುತ್ತದೆ. ಅದಷ್ಟನ್ನೇ ಮೊದಲು ಇಳಿಸಿಕೊಂಡು, ಬೇಕೆನಿಸಿದ ಮೇಲ್‌ನ ಒಡಲನ್ನು ಆಮೇಲೆ ತರಿಸಿಕೊಳ್ಳುವ ಸೆಟ್ಟಿಂಗ್ ಇದು. ಆದರೆ ಸೆಟ್ಟಿಂಗ್ ಹುಡುಕುವ ಮೊದಲು ನಿಮ್ಮ ಖಾತೆ ಪಾಪ್‌ನಲ್ಲಿದೆಯೋ ಐಮ್ಯಾಪ್‌ನಲ್ಲಿದೆಯೋ ನೋಡಿಕೊಳ್ಳಿ. ಎರಡೂ ಸರ್ವರ್‌ನಿಂದ ಮೇಲ್ ತರಿಸುವ ವಿಧಾನಗಳೇ, ಆದರೆ ಕೆಲಸ ನಡೆಯುವ ರೀತಿಯೇ ಬೇರೆ.

ಮೊದಲು ಒಂದು ಲೆಕ್ಕ. ನೆಟ್ ವೇಗ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 8 ಕಿಲೋಬೈಟ್ ಅಂದುಕೊಳ್ಳಿ. ಹೊಸದಾಗಿ 25 ಮೇಲ್ ಬಂದಿವೆ, ಅದರಲ್ಲೊಂದಕ್ಕೆ 6 ಎಂಬಿಯ ಪಿಡಿಎಫ್ ಅಂಟಿಕೊಂಡಿದೆ. ಮೇಲ್‌ನಲ್ಲಿ ಫೈಲ್ ಸಾಮಾನ್ಯವಾಗಿ ಬೇಸ್64 ರೂಪದಲ್ಲಿ, ಅಂದರೆ ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ. ಪ್ರತಿ 3 ಬೈಟ್‌ಗೆ 4 ಅಕ್ಷರ, ಜೊತೆಗೆ ಸಾಲು ಮುರಿದ ಗುರುತುಗಳು. ಹಾಗಾಗಿ 6 ಎಂಬಿ ಫೈಲ್ 8 ಎಂಬಿ ದಾಟುತ್ತದೆ. ಇಳಿಯಲು ಸುಮಾರು 17 ನಿಮಿಷ ಬೇಕು, ಅಷ್ಟು ಹೊತ್ತು ಅದರ ಹಿಂದಿನ ಮೇಲ್‌ಗಳು ಕಾಯುತ್ತಾ ಕೂರಬೇಕು. ಹೆಡರ್ ಮಾತ್ರವಾದರೆ, ಒಂದಕ್ಕೆ 4 ಕಿಲೋಬೈಟ್ ಹಿಡಿದರೂ 25 ಮೇಲ್‌ಗೆ 13 ಸೆಕೆಂಡ್ ಸಾಕು.

ಪಾಪ್‌ನಲ್ಲಿ ಹೆಡರ್ ಕೇಳುವ ಆಜ್ಞೆ ಹೀಗಿರುತ್ತದೆ:

```
TOP 12 0
```

12ನೇ ಮೇಲ್‌ನ ಹೆಡರ್ ಪೂರ್ತಿ ಕೊಡು, ಒಡಲಿನ 0 ಸಾಲು ಕೊಡು ಎಂದರ್ಥ. ಥಂಡರ್‌ಬರ್ಡ್ ಎಂಬ ಮೇಲ್ ಕ್ಲೈಂಟ್‌ನಲ್ಲಿ, ಅಂದರೆ ಮೇಲ್ ಓದುವ ತಂತ್ರಾಂಶದಲ್ಲಿ, ಪಾಪ್ ಖಾತೆಯ Server Settings ಒಳಗೆ `Fetch headers only` ಗುರುತು ಹಾಕಿದರೆ ಕ್ಲೈಂಟ್ ಈ ದಾರಿ ಹಿಡಿಯುತ್ತದೆ. ಮೇಲ್ ತೆರೆದಾಗ ಒಡಲಿನ ಜಾಗದಲ್ಲಿ ಉಳಿದದ್ದನ್ನು ಇಳಿಸಿಕೊಳ್ಳಲು ಒಂದು ಲಿಂಕ್ ಕಾಣುತ್ತದೆ. ತೊಡಕಿರುವುದು ಅಲ್ಲೇ. ಪಾಪ್‌ಗೆ ಮೇಲ್‌ನ ಭಾಗಗಳು ಗೊತ್ತಿಲ್ಲ. ಲಿಂಕ್ ಒತ್ತಿದರೆ ಇಡೀ ಮೇಲ್ ಬರುತ್ತದೆ, ಪಿಡಿಎಫ್ ಸಮೇತ. ನಾಲ್ಕು ಸಾಲಿನ ಪತ್ರ ಓದಲಿಕ್ಕೂ ಆ 17 ನಿಮಿಷ ಕಾಯಲೇಬೇಕು.

ಐಮ್ಯಾಪ್ ಇಲ್ಲಿ ಜಾಣ. ಬೇಕಾದ ಹೆಡರ್ ಸಾಲುಗಳನ್ನಷ್ಟೇ ಆರಿಸಿ ಕೇಳಬಹುದು, ಗಾತ್ರವನ್ನೂ ಮೊದಲೇ ತಿಳಿಯಬಹುದು, ಆಮೇಲೆ ಒಡಲಿನ ಒಂದು ಭಾಗವನ್ನು ಮಾತ್ರ ತರಿಸಬಹುದು:

```
a1 FETCH 12 (RFC822.SIZE ENVELOPE BODYSTRUCTURE)
a2 FETCH 12 BODY.PEEK[1]
```

ಎರಡನೇ ಸಾಲು ಮೊದಲ ಭಾಗವನ್ನು ಕೇಳುತ್ತದೆ. ಪಠ್ಯ, ಅದರ ಹಿಂದೆ ಪಿಡಿಎಫ್ ಎಂಬ ಸಾದಾ ಜೋಡಣೆಯಲ್ಲಿ ಆ ಮೊದಲ ಭಾಗವೇ ಪಠ್ಯ. `PEEK` ಇರುವುದರಿಂದ ಮೇಲ್‌ಗೆ ‘ಓದಿದೆ’ ಎಂಬ ಗುರುತೂ ಬೀಳುವುದಿಲ್ಲ.

ಐಮ್ಯಾಪ್ ಖಾತೆಯಲ್ಲಿ `Fetch headers only` ಹುಡುಕಿದರೆ ಸಿಗುವುದಿಲ್ಲ, ಹಲವರು ಸುಸ್ತಾಗುವುದು ಇಲ್ಲೇ. ಥಂಡರ್‌ಬರ್ಡ್ ಐಮ್ಯಾಪ್‌ನಲ್ಲಿ ಹೆಡರ್‌ಗಳನ್ನು ಹೇಗೂ ಮೊದಲೇ ತರುತ್ತದೆ. ನೆಟ್ ತಿನ್ನುವುದು ಅದರ ನಂತರ ಹಿನ್ನೆಲೆಯಲ್ಲಿ ಒಂದೊಂದೇ ಒಡಲನ್ನು ಎಳೆದುಕೊಳ್ಳುವ ಸಿಂಕ್. ಹಾಗಾಗಿ Synchronization & Storage ಪುಟಕ್ಕೆ ಹೋಗಿ, ಫೋಲ್ಡರ್‌ಗಳ ಮೇಲ್‌ಗಳನ್ನು ಈ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವ ಗುರುತನ್ನು ತೆಗೆಯಬೇಕು. ಜೊತೆಗೆ F8 ಒತ್ತಿ ಓದುವ ಫಲಕವನ್ನೂ ಮುಚ್ಚಿಬಿಡಿ. ಅದು ತೆರೆದಿದ್ದರೆ ಪಟ್ಟಿಯಲ್ಲಿ ಬಾಣದ ಕೀಲಿ ಒತ್ತಿ ಇಳಿದಂತೆಲ್ಲ ಆಯ್ಕೆಯಾದ ಮೇಲ್‌ನ ಒಡಲು ಇಳಿಯತೊಡಗುತ್ತದೆ. ಪಟ್ಟಿಯಲ್ಲಿ Size ಕಾಲಂ ಕಾಣುವಂತೆ ಮಾಡಿಕೊಂಡರೆ ಭಾರದ ಮೇಲ್ ಯಾವುದೆಂದು ಮುಟ್ಟುವ ಮುಂಚೆಯೇ ತಿಳಿಯುತ್ತದೆ.

ಸೆಟ್ಟಿಂಗ್ ಹಿಡಿದಿದೆಯೋ ಇಲ್ಲವೋ ನೋಡಲು, ಆಮೇಲೆ ಬಂದ, ಇನ್ನೂ ತೆರೆಯದ ಒಂದು ಮೇಲ್ ಇರಲಿ. ಆಫ್‌ಲೈನ್‌ಗೆ ಹೋಗಿ ಅದನ್ನು ತೆರೆಯಿರಿ. ಒಡಲು ಇಳಿದಿಲ್ಲ ಎಂಬ ಸೂಚನೆ ಬಂದರೆ ಸರಿ. ಪಠ್ಯ ಕಂಡರೆ ಸಿಂಕ್ ಇನ್ನೂ ನಡೆಯುತ್ತಿದೆ.

ಮೊಬೈಲ್‌ನಲ್ಲಿ ನನ್ನ ಒಲವು ಬರೀ ಹೆಡರ್‌ಗಿಂತ ಗಾತ್ರದ ಮಿತಿಯ ಕಡೆ. ಕೆ-9 ಮೇಲ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್ ಒಳಗೆ, ಇಂತಿಷ್ಟು ಕಿಲೋಬೈಟ್‌ವರೆಗಿನ ಮೇಲ್ ಮಾತ್ರ ತಾನಾಗಿ ಇಳಿಯಲಿ ಎಂದು ಹೇಳಬಹುದು. 32 ಕಿಲೋಬೈಟ್ ಇಟ್ಟರೆ ಸಾದಾ ಪತ್ರಗಳು ಪೂರ್ತಿ ಬರುತ್ತವೆ, ದೊಡ್ಡ ಅಟ್ಯಾಚ್‌ಮೆಂಟ್ ನೀವು ಕೇಳುವವರೆಗೆ ಸರ್ವರ್‌ನಲ್ಲೇ ಇರುತ್ತದೆ. ಪ್ರತಿ ಪತ್ರಕ್ಕೂ ಮತ್ತೆ ಸರ್ವರ್ ಕಡೆ ಓಡುವುದು ತಪ್ಪುತ್ತದೆ. ಸಿಗ್ನಲ್ ಬಿಟ್ಟು ಬಿಟ್ಟು ಬರುವಾಗ ಇದೇ ವಾಸಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಡಲು ನಿಮ್ಮ ಬಳಿ ಇಲ್ಲದಿರುವುದರಿಂದ ಮೇಲ್ ಒಳಗಿನ ಪದ ಹುಡುಕಿದರೆ ಕ್ಲೈಂಟ್‌ಗೆ ತನ್ನಲ್ಲಿ ಸಿಗುವುದಿಲ್ಲ. ಐಮ್ಯಾಪ್ ಆದರೆ ಸರ್ವರ್‌ನಲ್ಲೇ ಹುಡುಕುವ ಆಯ್ಕೆ ಬಳಸಿ. ಪಾಪ್‌ನಲ್ಲಿ ಇನ್ನೂ ಕೆಟ್ಟದ್ದು ಆಗಬಹುದು. ಅದೇ ಖಾತೆಯನ್ನು ಇನ್ನೊಂದು ಸಾಧನದಲ್ಲಿ, ಸರ್ವರ್‌ನಲ್ಲಿ ಪ್ರತಿ ಉಳಿಸದಂತೆ ಜೋಡಿಸಿದ್ದರೆ ಅದು ಮೇಲ್ ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿಬಿಡುತ್ತದೆ. ಇತ್ತ ನಿಮ್ಮ ಪಟ್ಟಿಯಲ್ಲಿ ಹೆಡರ್ ಹಾಗೇ ಇರುತ್ತದೆ, ಲಿಂಕ್ ಒತ್ತಿದರೆ ತರಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಪಾಪ್‌ನಲ್ಲಿ ಹೆಡರ್ ಮಾತ್ರ ಇಳಿಸುವ ಮುನ್ನ, ಆ ಖಾತೆ ಇರುವ ಎಲ್ಲ ಸಾಧನಗಳಲ್ಲೂ ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆಗೆ ಗುರುತು ಹಾಕಿ.