‘ಸುಂದರ’ ಬಿಟ್ಟರೆ ಬೇರೇನು ಬರೆಯಲಿ?

ತೀರ್ಥಹಳ್ಳಿಯ ಓದುಗರೊಬ್ಬರ ಪ್ರಶ್ನೆ: “ಕಿರುಚಿತ್ರವೊಂದಕ್ಕೆ ಹಾಡು ಬರೆಯುತ್ತಿದ್ದೇನೆ. ಆಗುಂಬೆ ಮಳೆಯಲ್ಲಿ ಹುಡುಗ ಹುಡುಗಿಯನ್ನು ಮೊದಲ ಸಲ ನೋಡುತ್ತಾನೆ. ಟ್ಯೂನ್ ಸಿಕ್ಕಿದೆ. ಆದರೆ ಎಲ್ಲಿ ನೋಡಿದರೂ ‘ಸುಂದರ’ವೇ ಬರುತ್ತಿದೆ. ಬೇರೆ ಯಾವ ಪದ ಹಾಕಬಹುದು?”

ಪದ ಹುಡುಕುವ ಮೊದಲು ಟ್ಯೂನ್ ಎಷ್ಟು ಜಾಗ ಕೊಟ್ಟಿದೆ ನೋಡಿ. ನೀವು ಕಳಿಸಿದ ಸಾಲು ‘ಎಂಥ ಸುಂದರ ನಿನ್ನ ನೋಟ’. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಲೆಕ್ಕ ಹಾಕಿ. ಎಂಥ, ನಿನ್ನ, ನೋಟ ಮೂರೂ ಮೂರು ಮಾತ್ರೆಯವು. ಸುಂದರ ಮಾತ್ರ ನಾಲ್ಕು. ನಿಮ್ಮ ಟ್ಯೂನ್ ಮೂರು ಮೂರಾಗಿಯೇ ನಡೆಯುವುದಾದರೆ, ಹಾಡುವವರು ಅಲ್ಲಿ ಎಡವುವುದು ಖಂಡಿತ.

ಮೂರು ಮಾತ್ರೆಯವು ನಮ್ಮಲ್ಲಿ ಬೇಕಾದಷ್ಟಿವೆ: ಚೆಂದ, ಚೆಲುವು, ಸೊಗಸು, ಬೆಡಗು. ಹುಡುಗ ಬೆರಗಾಗಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದರೆ ‘ಎಂಥ ಚೆಂದ ನಿನ್ನ ನೋಟ’. ಇದು ಮನೆಮಾತಿನ ಪದ, ಲೆಕ್ಕಾಚಾರವಿಲ್ಲದೆ ಬಾಯಿಗೆ ಬರುತ್ತದೆ. ‘ಚೆಲುವು’ ಹಾಕಿದರೆ ಅವನು ಸ್ವಲ್ಪ ಕವಿಯಾಗುತ್ತಾನೆ, ಆರಾಧನೆಯ ದನಿ ಬರುತ್ತದೆ. ‘ಬೆಡಗು’ ಅಂದರೆ ಹುಡುಗಿಗೆ ತನ್ನ ಅಂದದ ಅರಿವಿದೆ, ಅವನು ಕೀಟಲೆ ಮಾಡುತ್ತಿದ್ದಾನೆ ಅಂತಲೇ ಅರ್ಥ. ಮೊದಲ ನೋಟಕ್ಕೆ ಅದು ಬೇಡ. ಪರಿಚಯವಾದ ಮೇಲಿನ ಚರಣಕ್ಕೆ ಇಟ್ಟುಕೊಳ್ಳಿ. ‘ಸೊಗಸು’ ಅನ್ನುವುದರಲ್ಲಿ ಹಾಯಾಗಿರುವ ಭಾವ ಜಾಸ್ತಿ, ಮದುವೆಯಾದ ಜೋಡಿಯ ಹಾಡಿಗೆ ಒಪ್ಪುತ್ತದೆ.

ಮಾತ್ರೆ ಸರಿಹೋದರೆ ಸಾಲದು. ‘ಚೆಂದ’ದಲ್ಲಿ ಗುರು ಮೊದಲು, ಲಘು ಆಮೇಲೆ. ‘ಚೆಲುವು’ ಮೂರೂ ಲಘು. ಟ್ಯೂನ್ ಆ ಜಾಗದಲ್ಲಿ ಮೊದಲ ಸ್ವರವನ್ನು ಎಳೆದರೆ ಚೆಲುವು ‘ಚೇಲುವು’ ಆಗುತ್ತದೆ, ಸೊಗಸು ‘ಸೋಗಸು’ ಆಗುತ್ತದೆ. ಕೇಳಲು ಕನ್ನಡ ಬಾರದವರು ಹಾಡಿದ ಹಾಗಿರುತ್ತದೆ. ‘ಚೆಂದ’ವನ್ನು ಎಳೆದರೆ ಆ ಅನುಸ್ವಾರದ ಮೇಲೆ ದನಿ ನಿಲ್ಲಬಹುದು, ಪದ ಕೆಡುವುದಿಲ್ಲ. ಮೂರು ಪುಟ್ಟ ಸ್ವರಗಳು ಪಟಪಟ ಬಂದರೆ ಮಾತ್ರ ಚೆಲುವು, ಬೆಡಗು ಸರಿ. ಫೋನಿನಲ್ಲಿ ಟ್ಯೂನ್ ಹಾಕಿಕೊಂಡು ಜೋರಾಗಿ ಹಾಡಿ ನೋಡಿ, ಗೊತ್ತಾಗಿಬಿಡುತ್ತದೆ.

ರಮ್ಯ, ಮನೋಹರ ಇವೆಲ್ಲ ಜೋಗದಂಥ ನೋಟಕ್ಕೆ ಚೆನ್ನ. ಹುಡುಗಿಗೆ ಹೇಳಿದರೆ ಭಾಷಣದ ಹಾಗಾಗುತ್ತದೆ, ಅಲ್ವಾ? ‘ಸುಂದರ’ವನ್ನು ಪೂರ್ತಿ ಬಿಡಬೇಕಿಲ್ಲ. ನಾಲ್ಕು ಮಾತ್ರೆಯ ನಡೆ ಬಂದಾಗ ಅದರಷ್ಟು ಸಲೀಸಾದ ಪದ ಇನ್ನೊಂದಿಲ್ಲ.

ಇನ್ನೊಂದು ಆಸೆ ಹುಟ್ಟಿಸುತ್ತೇನೆ. ನಿಮ್ಮ ಹುಡುಗ ಸಾಗರ ಕಡೆಯ ಹವ್ಯಕರ ಮನೆಯವನಾದರೆ ‘ಚಂದ ಇದ್ದು ನಿನ್ನ ನೋಟ’ ಅನ್ನಿಸಿ. ಅವರ ಮಾತಿನಲ್ಲಿ ‘ಇದ್ದು’ ಅಂದರೆ ‘ಇದೆ’. ಅದಕ್ಕೂ ಮೂರೇ ಮಾತ್ರೆ, ಟ್ಯೂನಿಗೆ ಹಾಗೇ ಕೂರುತ್ತದೆ. ಪಾತ್ರ ಉಳಿದ ಚಿತ್ರದಲ್ಲೂ ಹವ್ಯಕದಲ್ಲೇ ಮಾತಾಡುವುದಿದ್ದರೆ ಮಾತ್ರ. ಒಂದು ಸಾಲಿಗಷ್ಟೇ ತಂದರೆ ಸುಮ್ನೆ ಅಂಟಿಸಿದಂತೆ ಕಾಣುತ್ತದೆ.