ಎರಡು ಟ್ರಾನ್ಸಿಸ್ಟರ್‌ಗಳ ಎಲ್‌ಇಡಿ ಡ್ರೈವರ್: ಸಪ್ಲೈ ಏರಿಳಿದರೆ ಕರೆಂಟ್ ಎಷ್ಟು ಬದಲಾಗುತ್ತದೆ?

ಲೆಕ್ಕಕ್ಕೆ ಒಂದು ಸೋಲಾರ್ ದೀಪವನ್ನು ತೆಗೆದುಕೊಳ್ಳೋಣ. ಒಳಗೆ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಇದೆ. ಸರಣಿಯಲ್ಲಿ ಜೋಡಿಸಿದ ಮೂರು ಬಿಳಿ ಎಲ್‌ಇಡಿಗಳಿವೆ. 20 ಮಿಲಿಆಂಪ್ ಹರಿದಾಗ ಒಂದೊಂದರ ಮೇಲೂ ಸುಮಾರು 3.1 ವೋಲ್ಟ್ ಬೀಳುತ್ತದೆ, ಒಟ್ಟು 9.3 ವೋಲ್ಟ್. ಬ್ಯಾಟರಿಗೆ 12 ವೋಲ್ಟ್ ಎಂದು ಹೆಸರಿದ್ದರೂ ಬಳಸಿ ಇಳಿದಾಗ ಅದು 11ರ ಹತ್ತಿರ ಇರುತ್ತದೆ, ಚಾರ್ಜ್ ಆಗುವಾಗ 14.4ರವರೆಗೆ ಏರುತ್ತದೆ.

ಇಲ್ಲಿ ಸುಮ್ನೆ ಒಂದು ರೆಸಿಸ್ಟರ್ ಹಾಕಿದರೆ ಏನಾಗುತ್ತದೆ? 12 ವೋಲ್ಟ್‌ಗೆ ಲೆಕ್ಕ ಹಾಕಿದರೆ ಉಳಿಯುವ 2.7 ವೋಲ್ಟ್‌ಗೆ 135 ಓಮ್ ಬೇಕು. 11 ವೋಲ್ಟ್‌ನಲ್ಲಿ ರೆಸಿಸ್ಟರ್ ಮೇಲೆ ಉಳಿಯುವುದು 1.7 ವೋಲ್ಟ್ ಮಾತ್ರ, ಕರೆಂಟ್ 13 ಮಿಲಿಆಂಪ್‌ಗೆ ಇಳಿಯುತ್ತದೆ. 14.4 ವೋಲ್ಟ್‌ನಲ್ಲಿ 5.1 ವೋಲ್ಟ್ ಉಳಿಯುತ್ತದೆ, ಕರೆಂಟ್ 35 ಮಿಲಿಆಂಪ್ ದಾಟುತ್ತದೆ. ಸಪ್ಲೈ ಮೂರನೇ ಒಂದು ಭಾಗದಷ್ಟೂ ಏರಿಲ್ಲ, ಕರೆಂಟ್ ಮಾತ್ರ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಯಿತು. ಇದನ್ನು ತಡೆಯಲು ಬೇಕಾದ ಸರ್ಕ್ಯೂಟ್ ಇಷ್ಟೇ:

```
+V   -> LED1 -> LED2 -> LED3 -> Q1.C
Q1.E -> Rs (33 ohm) -> GND
+V   -> R1 (10k) -> Q1.B
Q2.C -> Q1.B
Q2.B -> Q1.E
Q2.E -> GND
```

ಎರಡೂ ಟ್ರಾನ್ಸಿಸ್ಟರ್ BC547. ಎಲ್‌ಇಡಿಯ ಕರೆಂಟ್ ಹರಿಯುವುದು Q1ನಲ್ಲಿ. ಅದು ಕೆಳಗೆ ಬಂದು ಸೆನ್ಸ್ ರೆಸಿಸ್ಟರ್ Rs ಮೂಲಕ ಗ್ರೌಂಡ್ ಸೇರುತ್ತದೆ. Rs ಮೇಲೆ ಬೀಳುವ ವೋಲ್ಟೇಜನ್ನೇ Q2 ತನ್ನ ಬೇಸ್ ಮತ್ತು ಎಮಿಟರ್ ನಡುವೆ ನೋಡುತ್ತಿರುತ್ತದೆ. ಆ ವೋಲ್ಟೇಜ್ 0.65ರ ಹತ್ತಿರ ಬಂದ ಕೂಡಲೇ Q2 ಆನ್ ಆಗಲು ಶುರುವಾಗುತ್ತದೆ. R1 ಮೂಲಕ Q1ರ ಬೇಸ್‌ಗೆ ಬರುತ್ತಿದ್ದ ಕರೆಂಟಿನ ಒಂದು ಪಾಲನ್ನು ಅದು ಗ್ರೌಂಡ್‌ಗೆ ಎಳೆದುಕೊಳ್ಳುತ್ತದೆ. Q1 ಅಷ್ಟಕ್ಕೇ ನಿಲ್ಲುತ್ತದೆ. ಕರೆಂಟ್ ಇನ್ನೂ ಏರಲು ನೋಡಿದರೆ Q2 ಇನ್ನಷ್ಟು ಎಳೆಯುತ್ತದೆ. ಹಾಗಾಗಿ ಕರೆಂಟನ್ನು ನಿರ್ಧರಿಸುವುದು ಒಂದೇ ಸೂತ್ರ:

```
I = Vbe / Rs = 0.65 / 33 = 19.7 mA
```

Rs ಮೂಲಕ Q1ರ ಬೇಸ್ ಕರೆಂಟೂ ಹರಿಯುವುದರಿಂದ ಎಲ್‌ಇಡಿಗೆ ಸಿಗುವುದು ಇದಕ್ಕಿಂತ 0.1 ಅಥವಾ 0.2 ಮಿಲಿಆಂಪ್ ಕಡಿಮೆ. ಇಲ್ಲಿ ಅದು ದೊಡ್ಡ ವಿಷಯವಲ್ಲ.

ಸೂತ್ರದಲ್ಲಿ ಸಪ್ಲೈ ವೋಲ್ಟೇಜ್ ಎಲ್ಲೂ ಇಲ್ಲ, ಅಲ್ವಾ? ಹಾಗಿದ್ದರೆ ಸಪ್ಲೈ ಬದಲಾದರೂ ಕರೆಂಟ್ ಒಂಚೂರೂ ಬದಲಾಗಬಾರದು. ಆದರೆ ಅಳೆದರೆ ಸ್ವಲ್ಪ ಬದಲಾಗುತ್ತದೆ. ಆ ಸ್ವಲ್ಪ ಬರುವುದು R1 ದಾರಿಯಿಂದ. Q1ರ ಬೇಸ್ ಸುಮಾರು 1.35 ವೋಲ್ಟ್‌ನಲ್ಲಿ ನಿಂತಿರುತ್ತದೆ, R1ರ ಇನ್ನೊಂದು ತುದಿ ಸಪ್ಲೈಗೆ ಅಂಟಿಕೊಂಡಿದೆ. ಸಪ್ಲೈ 11 ಇದ್ದಾಗ R1ನಲ್ಲಿ 0.97 ಮಿಲಿಆಂಪ್ ಹರಿಯುತ್ತದೆ. 14.4 ಆದಾಗ 1.3 ಮಿಲಿಆಂಪ್. Q1ರ ಬೇಸ್‌ಗೆ 0.2 ಹೋಯಿತು ಎಂದಿಟ್ಟುಕೊಂಡರೆ ಉಳಿದದ್ದನ್ನೆಲ್ಲ Q2 ನುಂಗಬೇಕು. ಅಂದರೆ Q2ರ ಕಲೆಕ್ಟರ್ ಕರೆಂಟ್ 0.77ರಿಂದ 1.1 ಮಿಲಿಆಂಪ್‌ಗೆ ಏರಬೇಕು. ಅದಕ್ಕೆ Q2ರ Vbe ತುಸು ಏರಲೇಬೇಕು.

ಈ ಸರ್ಕ್ಯೂಟ್ ಚೆನ್ನಾಗಿ ಕೆಲಸ ಮಾಡಲು ಕಾರಣ ಇಲ್ಲೇ ಇದೆ. ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕರೆಂಟ್ ಎಷ್ಟು ಪಟ್ಟು ಏರುತ್ತದೋ ಅದರ ಲಾಗರಿದಮ್ ಮಾತ್ರ Vbeನಲ್ಲಿ ಕಾಣುತ್ತದೆ:

```
dVbe = 26 mV x ln(1.1 / 0.77) = 9 mV
dI   = 9 mV / 33 ohm = 0.27 mA
```

ಬ್ಯಾಟರಿಯ ಪೂರ್ತಿ ಏರಿಳಿತಕ್ಕೆ ಕರೆಂಟ್ ಬದಲಾಗುವುದು ಶೇಕಡಾ ಒಂದೂವರೆಯಷ್ಟು. ಕಣ್ಣಿಗೆ ಇದು ಕಾಣುವುದೇ ಇಲ್ಲ. Q2ರ ಕರೆಂಟ್ ಪೂರಾ ಎರಡು ಪಟ್ಟಾದರೂ Vbe ಏರುವುದು 18 ಮಿಲಿವೋಲ್ಟ್ ಅಷ್ಟೇ. ಈ ಒಂದು ಅಂಕಿ ನೆನಪಿದ್ದರೆ ಬೇರೆ ಸಪ್ಲೈಗೂ ಬಾಯಲ್ಲೇ ಅಂದಾಜು ಮಾಡಬಹುದು.

ಈಗ ಇದನ್ನು ಅಳೆಯುವ ಮಾತು. ಆಮೀಟರನ್ನು ಎಲ್‌ಇಡಿ ಸಾಲಿನಲ್ಲಿ ಸೇರಿಸಬೇಡಿ, ಅದೂ ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ. Rs ಮೇಲಿನ ವೋಲ್ಟೇಜ್ ಅಳೆದು 33ರಿಂದ ಭಾಗಿಸಿ. ಸಪ್ಲೈಯನ್ನು 11ರಿಂದ 14.4ಕ್ಕೆ ಏರಿಸಿದ ಕೂಡಲೇ ಒಮ್ಮೆ ಓದಿ. ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಓದಿ. ಮೊದಲ ಸಲ ಕರೆಂಟ್ ತುಸು ಏರಿರುತ್ತದೆ. ಎರಡನೇ ಸಲ ಅದು ಇಳಿದು, 11 ವೋಲ್ಟ್‌ನಲ್ಲಿ ಇದ್ದದ್ದಕ್ಕಿಂತಲೂ ಕಡಿಮೆ ಆಗಿರಬಹುದು!

ಇದಕ್ಕೆ ಕಾರಣ ಶಾಖ. Vbe ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಸಪ್ಲೈ ಏರಿದಾಗ ಹೆಚ್ಚಾದ ವೋಲ್ಟೇಜ್ ಎಲ್ಲಾ Q1 ಮೇಲೆ ಬೀಳುತ್ತದೆ. ಅದರ ಕಲೆಕ್ಟರ್ ಎಮಿಟರ್ ವೋಲ್ಟೇಜ್ 1ರಿಂದ 4.4 ವೋಲ್ಟ್ ಆಗುತ್ತದೆ. ಅದು ಸುಡುವ ಪವರ್ 20 ಮಿಲಿವಾಟ್‌ನಿಂದ 90ರ ಹತ್ತಿರ ಬರುತ್ತದೆ. ಇಷ್ಟು ಸಣ್ಣ ಪ್ಲಾಸ್ಟಿಕ್ ಪ್ಯಾಕೇಜ್‌ನಲ್ಲಿ ಇದರಿಂದ ಒಳಗಿನ ಬಿಸಿ ಹನ್ನೆರಡು ಹದಿಮೂರು ಡಿಗ್ರಿ ಏರುತ್ತದೆ. Q2 ಅದಕ್ಕೆ ತಾಗಿಕೊಂಡಿದ್ದು, ಅರ್ಧ ಬಿಸಿ ಅದಕ್ಕೂ ಬಂದರೆ 12 ಮಿಲಿವೋಲ್ಟ್ ಇಳಿಕೆ. ಲಾಗರಿದಮ್ ಕೊಟ್ಟ 9 ಮಿಲಿವೋಲ್ಟ್ ಏರಿಕೆಯನ್ನು ಇದು ಮೀರಿಸಿತು. ಆದ್ದರಿಂದ ಸಪ್ಲೈಯ ಪರಿಣಾಮವನ್ನು ಮಾತ್ರ ನೋಡಬೇಕಾದರೆ ಎರಡು ಟ್ರಾನ್ಸಿಸ್ಟರ್‌ಗಳನ್ನು ಬೋರ್ಡ್‌ನಲ್ಲಿ ದೂರ ಇಡಿ.

ಹೊರಗಿನ ಬಿಸಿಯೂ ಸೇರಿದರೆ ಸಪ್ಲೈಗಿಂತ ದೊಡ್ಡ ವ್ಯತ್ಯಾಸ ಇದರಿಂದಲೇ ಬರುತ್ತದೆ. 25 ಡಿಗ್ರಿಯಿಂದ 55 ಡಿಗ್ರಿಗೆ ಹೋದರೆ Vbe 0.59 ಆಗಿ, ಕರೆಂಟ್ 18 ಮಿಲಿಆಂಪ್‌ಗೆ ಬರುತ್ತದೆ, ಸುಮಾರು ಶೇಕಡಾ 9 ಕಡಿಮೆ. ಬಿಸಿಯಾದಾಗ ಕರೆಂಟ್ ಇಳಿಯುವುದರಿಂದ ಎಲ್‌ಇಡಿಗೆ ಇದು ಒಳ್ಳೆಯದೇ. ನಿಖರತೆ ಬೇಕಾದ ಕಡೆ ಮಾತ್ರ ಈ ಸರ್ಕ್ಯೂಟ್ ಸಾಲದು.

ಸಪ್ಲೈ ಕೆಳಗಿಳಿದಾಗ ಒಂದು ಗಡಿ ಇದೆ. ಎಲ್‌ಇಡಿಗೆ 9.3, Rsಗೆ 0.65, Q1ಗೆ ಕನಿಷ್ಠ 0.2. ಒಟ್ಟು ಸುಮಾರು 10.2 ವೋಲ್ಟ್. ಅದಕ್ಕಿಂತ ಇಳಿದರೆ Q1 ಪೂರ್ತಿ ತೆರೆದುಕೊಳ್ಳುತ್ತದೆ, Q2 ಆಫ್ ಆಗುತ್ತದೆ. ಆಮೇಲೆ ಉಳಿಯುವುದು ಬರೀ 33 ಓಮ್‌ನ ರೆಸಿಸ್ಟರ್ ಸರ್ಕ್ಯೂಟ್, ಬೆಳಕು ಬೇಗ ಬೇಗ ಕುಗ್ಗುತ್ತದೆ. ನಾಲ್ಕನೇ ಎಲ್‌ಇಡಿ ಸೇರಿಸಿದರೆ 12 ವೋಲ್ಟ್‌ನಲ್ಲಿ ಕೆಲಸ ಆಗದಿರುವುದೂ ಇದೇ ಕಾರಣಕ್ಕೆ.

ದೀಪ ಮಂಕಾಗಿದ್ದು Rs ಮೇಲೆ 0.6 ವೋಲ್ಟ್‌ಗಿಂತ ಕಡಿಮೆ ಕಂಡರೆ ಕಾರಣ ಇದೊಂದೇ ಅಂತ ತೀರ್ಮಾನಿಸಬೇಡಿ. Q1ರ ಕಲೆಕ್ಟರ್ ಎಮಿಟರ್ ನಡುವೆಯೂ ಅಳೆಯಿರಿ. ಅಲ್ಲಿ 0.2 ವೋಲ್ಟ್‌ನಷ್ಟು ಇದ್ದರೆ ಸಪ್ಲೈ ಸಾಲುತ್ತಿಲ್ಲ. ಅಲ್ಲಿ ಕೆಲವು ವೋಲ್ಟ್ ಇದ್ದೂ Rs ಮೇಲೆ ಕಡಿಮೆ ಇದ್ದರೆ Q1ಗೆ ಬೇಸ್ ಕರೆಂಟ್ ಸಾಲುತ್ತಿಲ್ಲ. 1 ವಾಟ್ ಎಲ್‌ಇಡಿಗೆ ಬದಲಾಯಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ. 350 ಮಿಲಿಆಂಪ್‌ಗೆ Rs ಅನ್ನು 1.8 ಓಮ್ ಮಾಡಿ, Q1 ಜಾಗಕ್ಕೆ BD139 ಹಾಕಿ, R1 ಅನ್ನು 10 ಕಿಲೋಓಮ್‌ನಲ್ಲೇ ಬಿಟ್ಟಿರುತ್ತಾರೆ. ಆಗ ಬೇಸ್‌ಗೆ ಬರುವುದು 1 ಮಿಲಿಆಂಪ್ ಮಾತ್ರ. BD139ರ ಗೇನ್ ಈ ಕರೆಂಟ್‌ನಲ್ಲಿ 25ರಷ್ಟಕ್ಕೇ ಇಳಿಯಬಹುದು ಎಂದು ಲೆಕ್ಕ ಹಾಕಿದರೆ 14 ಮಿಲಿಆಂಪ್ ಬೇಕು. 11 ವೋಲ್ಟ್‌ನಲ್ಲೂ ಅಷ್ಟು ಸಿಗಬೇಕಾದರೆ R1 680 ಓಮ್ ಆಗಬೇಕು, ಅರ್ಧ ವಾಟ್‌ನದು. 14.4 ವೋಲ್ಟ್‌ನಲ್ಲಿ Q1 ಸುಡುವುದು ಒಂದೂವರೆ ವಾಟ್, ಹೀಟ್‌ಸಿಂಕ್ ಇಲ್ಲದೆ ಅದು ತಡೆಯುವುದಿಲ್ಲ.