ಉದ್ರಿ ಲೆಕ್ಕದ ಪುಸ್ತಕ ತೆಗೆಯೋಕೆ ಮನಸ್ಸೇ ಬರಲ್ಲ, ನಾನು ಸೋಮಾರಿನಾ?

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಒಂದು ಹಳ್ಳಿಯಲ್ಲಿ ನನ್ನ ಕಿರಾಣಿ ಅಂಗಡಿ ಇದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರವರೆಗೂ ನಿಂತೇ ಇರುತ್ತೇನೆ. ಆದರೆ ಉದ್ರಿ ಲೆಕ್ಕ ಕೂಡಿಸುವ ಕೆಲಸ ತಿಂಗಳುಗಟ್ಟಲೆ ಹಾಗೇ ಬಿದ್ದಿದೆ. "ನಾಳೆ ಮಾಡಿದರಾಯ್ತು" ಅಂತಲೇ ದಿನ ಹೋಗುತ್ತಿದೆ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ದಿನಕ್ಕೆ ಹದಿನೈದು ಗಂಟೆ ನಿಂತು ದುಡಿಯುವವರು ಸೋಮಾರಿ ಹೇಗಾಗುತ್ತಾರೆ? ಸೋಮಾರಿಗೆ ಎಲ್ಲ ಕೆಲಸವೂ ಬೇಡ. ನಿಮಗೆ ಬೇಡವಾಗಿರುವುದು ಒಂದೇ ಕೆಲಸ. ಪುಸ್ತಕ ಕೈಗೆ ತಗೊಂಡ ಕೂಡಲೇ ನಿಮಗೆ ತಕ್ಕಡಿ ಒರೆಸಬೇಕು, ಬೇಳೆ ಡಬ್ಬಿ ಸರಿ ಮಾಡಬೇಕು ಅಂತ ನೆನಪಾಗುತ್ತದೆ, ಅಲ್ವಾ? ಅವೂ ಕೆಲಸಗಳೇ. ಹಾಗಾದರೆ ನೀವು ತಪ್ಪಿಸಿಕೊಳ್ಳುತ್ತಿರುವುದು ದುಡಿಮೆಯಿಂದ ಅಲ್ಲ, ಪುಸ್ತಕ ತೆಗೆದಾಗ ಹೊಟ್ಟೆಯಲ್ಲಿ ಆಗುವ ಸಂಕಟದಿಂದ.

ಪುಸ್ತಕ ಮುಚ್ಚಿಟ್ಟ ತಕ್ಷಣ ಆ ಸಂಕಟ ಇಳಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ಮುಚ್ಚಿಟ್ಟರೆ ಹಾಯೆನಿಸುತ್ತದೆ ಅಂತ ಮನಸ್ಸು ಪ್ರತಿ ಸಲವೂ ಕಲಿಯುತ್ತಾ ಹೋಗುತ್ತದೆ, ಇತ್ತ ಲೆಕ್ಕ ಬೆಳೆದು ಮುಂದಿನ ಸಲ ಸಂಕಟ ಇನ್ನೂ ಜಾಸ್ತಿಯಾಗುತ್ತದೆ.

ಇದನ್ನು ತೋರಿಸುವ ಒಂದು ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಮನಶ್ಶಾಸ್ತ್ರಜ್ಞೆ ಡಯಾನ್ ಟೈಸ್ ಮತ್ತು ಜೊತೆಗಾರರು ಅಮೆರಿಕದಲ್ಲಿ ನಡೆಸಿದ್ದು. ವಿದ್ಯಾರ್ಥಿಗಳಿಗೆ ಒಂದು ಗಣಿತ ಪರೀಕ್ಷೆ ಇತ್ತು, ತಯಾರಿಗೆ ಸ್ವಲ್ಪ ಸಮಯ ಕೊಟ್ಟು, ಪಕ್ಕದಲ್ಲೇ ಆಟದ ಸಾಮಾನೂ ಇಟ್ಟಿದ್ದರು. ಬೇಜಾರಿನಲ್ಲಿದ್ದವರು ಆಟದಲ್ಲೇ ಜಾಸ್ತಿ ಹೊತ್ತು ಕಳೆದರು. ಆದರೆ ಕೆಲವರಿಗೆ ಮೊದಲೇ, ಇಲ್ಲಿ ಹಚ್ಚಿರುವ ಮೇಣದಬತ್ತಿಯಿಂದ ನಿಮ್ಮ ಮನಸ್ಥಿತಿ ಸ್ವಲ್ಪ ಹೊತ್ತು ಬದಲಾಗುವುದಿಲ್ಲ ಅಂತ ನಂಬಿಸಿದ್ದರು. ಅವರು ಬೇಜಾರಿದ್ದರೂ ಅಷ್ಟು ಕಾಲ ಕಳೆಯಲಿಲ್ಲ. ಆಟವಾಡಿದರೂ ಬೇಜಾರು ಹೋಗಲ್ಲ ಅಂತಾದ ಮೇಲೆ ಮುಂದೂಡಿ ಏನು ಪ್ರಯೋಜನ?

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ಮೊದಲು ಆ ಕೆಲಸದಲ್ಲಿ ನಿಜಕ್ಕೂ ಚುಚ್ಚುವ ಜಾಗ ಯಾವುದು ಅಂತ ಹುಡುಕಿ. ಹೆಸರು ಬರೆಯುವುದಂತೂ ಅಲ್ಲ. ಒಂದು, ಕೊನೆಯಲ್ಲಿ ಬರುವ ಮೊತ್ತ, "ಇಷ್ಟೊಂದು ಬಿಟ್ಟುಬಿಟ್ಟೆನಾ" ಅನ್ನುವ ಭಯ. ಇನ್ನೊಂದು, "ಶೇಂಗಾ ಬಂದ ಮೇಲೆ ಕೊಡ್ತೀನಿ" ಅಂದಿದ್ದ ನೆಂಟರಿಗೆ ಫೋನ್ ಮಾಡಿ ದುಡ್ಡು ಕೇಳುವ ನಾಚಿಕೆ. ಎರಡನ್ನೂ ಮೊದಲ ದಿನದ ಕೆಲಸದಿಂದ ತೆಗೆದುಬಿಡಿ.

ಮೊದಲ ದಿನ ಒಂದು ಹೊಸ ನೋಟ್‌ಬುಕ್‌ನಲ್ಲಿ ಬರೀ ಹೆಸರು, ಕೊನೆಯ ಸಲ ಸಾಮಾನು ಒಯ್ದ ತಾರೀಖು. ಮೊತ್ತ ಬರೆಯಬೇಡಿ. ಹತ್ತೇ ನಿಮಿಷ. ಯಾವಾಗ ಅನ್ನುವುದನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ: "ಮಧ್ಯಾಹ್ನ ಊಟ ಮಾಡಿ ಕೈ ತೊಳೆದು ಗಲ್ಲಾಪೆಟ್ಟಿಗೆ ಮುಂದೆ ಕೂತ ತಕ್ಷಣ ಪುಸ್ತಕ ತೆಗೆಯುತ್ತೇನೆ." ಬಿಡುವಾದಾಗ ಮಾಡ್ತೀನಿ ಅಂದುಕೊಂಡರೆ ಆ ಬಿಡುವು ಬರುವುದೇ ಇಲ್ಲ. ಸಂಕಟ ಆಗ ಇದ್ದೇ ಇರುತ್ತದೆ, ಅದು ಹೋಗಲಿ ಅಂತ ಕಾಯಬೇಡಿ. ಬರೆಯಲು ಶುರು ಮಾಡಿದ ಮೇಲೆ ಸಾಮಾನ್ಯವಾಗಿ ಅದು ತಾನಾಗಿ ಇಳಿಯುತ್ತದೆ.

ಮುಂದಿನ ದಿನಗಳಲ್ಲಿ ಒಬ್ಬೊಬ್ಬರ ಬಾಕಿ ಬರೆಯಿರಿ, ಒಟ್ಟು ಕೂಡಿಸಬೇಡಿ. ಎಲ್ಲ ಹೆಸರೂ ಮುಗಿದ ಮೇಲೆ ಒಟ್ಟು. ಆಮೇಲೆ ಫೋನ್. ಇಲ್ಲಿ ತುಂಬಾ ಜನ ಎಡವುತ್ತಾರೆ, ಧೈರ್ಯ ಮಾಡಿ ಅತಿ ದೊಡ್ಡ ಬಾಕಿಯಿಂದಲೇ ಶುರು ಮಾಡುತ್ತಾರೆ. ಆ ಕಡೆಯಿಂದ ಒಂದು ಗಡಸು ಮಾತು ಬಂದರೆ ಸಾಕು, ಪುಸ್ತಕ ಮತ್ತೆ ಗೂಡು ಸೇರುತ್ತದೆ. ಸಂಬಳ ಬರುವವರಿಂದ, ಸಣ್ಣ ಬಾಕಿಯಿಂದ ಶುರು ಮಾಡಿ. ದುಡ್ಡು ಕೇಳುವ ಬದಲು ಲೆಕ್ಕ ಕೇಳಿ: "ಅಣ್ಣಾ, ಲೆಕ್ಕ ಬರೀತಾ ಇದ್ದೆ, ನಿಮ್ದು 840 ರೂಪಾಯಿ ಅಂತ ಐತಿ, ಸರಿ ಐತಾ?" ಇಷ್ಟೇ. ಹೆಚ್ಚಿನವರು ಯಾವಾಗ ಕೊಡುತ್ತೇವೆ ಅಂತ ತಾವೇ ಹೇಳುತ್ತಾರೆ. ನೆಂಟರ ಫೋನ್ ಕೊನೆಗೆ ಇರಲಿ, ಆ ಹೊತ್ತಿಗೆ ಈ ಮಾತು ನಿಮ್ಮ ಬಾಯಿಗೆ ರೂಢಿಯಾಗಿರುತ್ತದೆ.

ನಡುವೆ ನಾಲ್ಕು ದಿನ ತಪ್ಪಿದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಓದುವುದನ್ನು ಕಡಿಮೆ ಮುಂದೂಡಿದ್ದರು. ಬೈದುಕೊಂಡರೆ ಪುಸ್ತಕದ ಜೊತೆ ಇನ್ನೊಂದು ಸಂಕಟ ಅಂಟಿಕೊಳ್ಳುತ್ತದೆ, ಅಷ್ಟೇ.

ಒಂದು ವಿಷಯ ಮಾತ್ರ ಗಮನಿಸಿ. ಲೆಕ್ಕವೊಂದೇ ಅಲ್ಲ, ಅಂಗಡಿ ತೆಗೆಯುವುದೂ ಬೇಡ, ಊಟ ರುಚಿಸಲ್ಲ, ನಿದ್ದೆ ಕೆಟ್ಟಿದೆ, ಎರಡು ವಾರ ದಾಟಿದರೂ ಹೀಗೇ ಇದೆ ಅಂದರೆ ಈ ಉಪಾಯಗಳು ಸಾಲವು. ಅದು ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.